ಎಂಟು ಸರಳು ಕಮ್ಮಿ

ಬಂಕಾಪುರದ ಖಾದರಸಾಬರು ಮೂವತ್ತೆರಡು ವರ್ಷ ಸರಳುಗಳ ನಡುವೆಯೇ ಕಳೆದವರು. ಆದರೂ ಒಂದು ದಿನವೂ ಜೈಲಿನ ಬಾಗಿಲು ಕಂಡವರಲ್ಲ. ಕಾಂಕ್ರೀಟಿನ ಹೊಟ್ಟೆಯಲ್ಲಿ ಅಡಗಿರುವ ಕಬ್ಬಿಣದ ಸರಳುಗಳನ್ನು ಕತ್ತರಿಸಿ, ಬಗ್ಗಿಸಿ, ಸಾಲಾಗಿ ಇಟ್ಟು, ತಂತಿಯಿಂದ ಬಿಗಿಯುವುದು ಅವರ ಕಸುಬು. ಹಿರೇಕೆರೂರಿನ ಒಂದು ಶಾಲೆ, ಸವಣೂರಿನ ಒಂದು ನೀರಿನ ಟಾಕಿ, ಗೊಟಗೋಡಿ ಕಡೆಯ ಒಂದು ಸಭಾಭವನ, ಇವುಗಳ ಒಳಗೆಲ್ಲ ಅವರ ಕೈಗಂಟುಗಳಿವೆ. ಯಾರೂ ಅವನ್ನು ನೋಡಿಲ್ಲ. ಗೌಂಡಿಯ ಗೋಡೆಯನ್ನು ಜನ ಹೊಗಳುತ್ತಾರೆ, ಪೇಂಟರನ ಬಣ್ಣವನ್ನು ಹೊಗಳುತ್ತಾರೆ. ಸರಳು ಕಟ್ಟಿದವನ ಹೆಸರು ಮಾತ್ರ ಸರಳಿನ ಜೊತೆಗೇ ಒಳಗೆ ಹೋಗುತ್ತದೆ.

"ನಮ್ಮ ಕೆಲಸ ಹೊರಗ ಕಂಡ್ರ ಕೆಟ್ಟೈತಿ ಅಂತ ಅರ್ಥ," ಎಂದು ಅವರು ನಗುತ್ತಿದ್ದರು. ಸ್ಲ್ಯಾಬಿನ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳು ಇಣುಕಿದ ಮನೆಗಳನ್ನು ಕಂಡವರಿಗೆ ಈ ಮಾತು ಗೊತ್ತಾಗುತ್ತದೆ.

ಹೆಸರಿಲ್ಲದ ಕೆಲಸವಾದ್ದರಿಂದಲೋ ಏನೋ, ಖಾದರಸಾಬರಿಗೆ ಹೆಸರಿನ ಮೇಲೆ ಬಲು ಅಕ್ಕರೆ. ಅವರ ಗಳಿಕೆಯೆಲ್ಲ ಒಂದು ರೆಕ್ಸಿನ್ ಚೀಲದಲ್ಲಿತ್ತು. ಅದರ ತುಂಬ ಜಾಲಿ ಕಟ್ಟಿಗೆಯ ತುಂಡುಗಳು. ಅವರ ಬಾಯಲ್ಲಿ ಅವು 'ಗೇಜು'. ಎರಡು ಸರಳುಗಳ ನಡುವೆ ಈ ತುಂಡನ್ನು ಇಟ್ಟು, ಸರಳನ್ನು ಅದಕ್ಕೆ ಒತ್ತಿ ಕಟ್ಟಿದರೆ ಅಂತರ ತಾನಾಗಿ ಬರುತ್ತದೆ. ಪ್ರತಿಸಲ ಟೇಪು ಹಿಡಿಯುವ ಗೋಜಿಲ್ಲ. ಆದರೆ ಗೇಜು ಕೊಯ್ಯುವುದರಲ್ಲಿ ಒಂದು ಗುಟ್ಟಿದೆ. ನಕಾಶೆಯಲ್ಲಿ ನೂರೈವತ್ತು ಮಿಲಿಮೀಟರ್ ಎಂದು ಬರೆದಿದ್ದರೆ, ಅದು ಒಂದು ಸರಳಿನ ನಟ್ಟನಡುವಿನಿಂದ ಪಕ್ಕದ ಸರಳಿನ ನಟ್ಟನಡುವಿಗೆ. ಸರಳು ಹದಿನಾರು ಮಿಲಿಮೀಟರ್ ದಪ್ಪವಿದ್ದರೆ ನಡುವೆ ಉಳಿಯುವ ಸಂದು ನೂರಾ ಮೂವತ್ನಾಲ್ಕು ಮಾತ್ರ. ಆದ್ದರಿಂದ ಗೇಜಿನ ಉದ್ದವೂ ನೂರಾ ಮೂವತ್ನಾಲ್ಕು.

"ರಾಡಿಗೂ ಹೊಟ್ಟಿ ಐತಪಾ. ಅದರ ಹೊಟ್ಟಿ ಕಳದು ಅಳೀಬೇಕು," ಎಂದು ಅವರು ಕಲಿಸುತ್ತಿದ್ದರು.

ಹಾಗೆ ಕಲಿತವರಲ್ಲಿ ಸುದೀಪನೂ ಒಬ್ಬ. ಎರಡು ಮನೆ ಆಚೆಯ ವೀರವ್ವನ ಮಗ. ಹಾವೇರಿಯಲ್ಲಿ ಡಿಪ್ಲೊಮಾ ಓದುವಾಗ ಪ್ರತಿ ಬೇಸಿಗೆಯಲ್ಲೂ ಖಾದರಸಾಬರ ಜೊತೆ ಕೆಲಸಕ್ಕೆ ಬರುತ್ತಿದ್ದ. "ಕಾಕಾ, ಇದು ಹೆಂಗ? ಕಾಕಾ, ಅದು ಯಾಕ?" ಎಂದು ತಲೆ ತಿನ್ನುತ್ತಿದ್ದ. ತನ್ನ ಕೈಯಿಂದಲೇ ಒಂದು ಗೇಜು ಕೊಯ್ದು, ಅದರ ಬೆನ್ನ ಮೇಲೆ ಬಾಲ್‌ಪೆನ್ನಿನಿಂದ ಕೆತ್ತಿದ ಹಾಗೆ ಬರೆದಿದ್ದ: '೧೫೦ – ೧೬ = ೧೩೪. ಸುದೀಪ.' ಆ ಗೇಜನ್ನು ಖಾದರಸಾಬರು ಹನ್ನೊಂದು ವರ್ಷ ಬಳಸಿದರು. ಮೂಲೆ ಸವೆದರೂ ಉದ್ದ ಸವೆಯದ ತುಂಡು.

ಈಗ ಸುದೀಪ ಗುತ್ತಿಗೆದಾರ ಉಳವಪ್ಪನವರ ಸೈಟ್ ಎಂಜಿನಿಯರ್. ಶಿಗ್ಗಾಂವದಿಂದ ಹಾನಗಲ್ಲಿನ ಕಡೆ ಹೋಗುವ ರಸ್ತೆಯೊಂದು ಅಗಲವಾಗುತ್ತಿತ್ತು. ಅದರಡಿ ನೀರು ಹಾಯಲು ಕಟ್ಟುವ ಮೋರಿಗಳ ಕೆಲಸ ಅವನ ಕೈಯಲ್ಲಿ. ಖಾದರಸಾಬರನ್ನು ಅವನೇ ಕರೆಸಿಕೊಂಡ. ಹೆಲ್ಮೆಟ್ಟು ಬಂದ ಮೇಲೆ 'ಕಾಕಾ' ಹೋಗಿ 'ಮೇಸ್ತ್ರಿ' ಆಯಿತು. ಖಾದರಸಾಬರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಸೈಟಿನಲ್ಲಿ ನಾಲ್ಕು ಮಂದಿ ಎದುರು ಎಂಜಿನಿಯರು ಕಾಕಾ ಮಾಮಾ ಎಂದರೆ ಹೇಗೆ? ಮನೆಗೆ ಬಂದಾಗ ಕಾಕಾ ಎಂದರೆ ಸಾಕು ಎಂದುಕೊಂಡರು. ಮನೆಗೆ ಬರುವುದೂ ನಿಂತಿತ್ತು ಎಂಬುದು ಅವರ ಲೆಕ್ಕಕ್ಕೆ ತಡವಾಗಿ ಬಂತು.

ಆ ವರ್ಷ ಖಾದರಸಾಬರ ಬಲಗಣ್ಣಿನ ಪೊರೆ ಬಲಿಯಿತು. ಶುಕ್ರವಾರ ಸಂಜೆ ಹಾವೇರಿಯ ಕಣ್ಣಿನ ಶಿಬಿರಕ್ಕೆ ಹೋದರು. ಗುಂಪಿನ ಹೊಣೆಯನ್ನು ಅಕ್ಕನ ಮಗ ಮುಬಶೀರನಿಗೆ ಒಪ್ಪಿಸಿ, ಚೀಲವನ್ನು ಸೈಟಿನ ಶೆಡ್ಡಿನಲ್ಲಿ ಇಟ್ಟು ಹೋದರು. ಶನಿವಾರದಿಂದ ಮಂಗಳವಾರದ ತನಕ ಮೊದಲನೆಯ ಮೋರಿಯ ಸ್ಲ್ಯಾಬಿಗೆ ಸರಳು ಕಟ್ಟಿ ಮುಗಿಯಿತು. ಗುರುವಾರ ಕಾಂಕ್ರೀಟ್ ಹಾಕುವುದೆಂದು ಗೊತ್ತಾಗಿತ್ತು.

ಬುಧವಾರ ಬೆಳಿಗ್ಗೆ ಖಾದರಸಾಬರು ಕಪ್ಪು ಕನ್ನಡಕ ಹಾಕಿಕೊಂಡು ಸೈಟಿಗೆ ಹೊರಟಾಗ ಹೆಂಡತಿ ಶಾಕೀರಾ ಬಾಗಿಲಿಗೆ ಅಡ್ಡ ನಿಂತಳು.

"ಡಾಕ್ಟರ್ ಧೂಳಿನಾಗ ಹೋಗಬ್ಯಾಡ ಅಂದಾರಲ್ರಿ. ಕಣ್ಣು ಹೊಸಾದು ಹಾಕಿಸಿಕೊಂಡು ಮತ್ತ ಮಣ್ಣು ತುಂಬಿಸ್ಕೊಂಡ ಬರ್ತೀರೇನು?"

"ಕೆಲಸ ಮಾಡಾಕ ಹೊಂಟಿಲ್ಲ. ಸುಮ್ನ ನಿಂತು ಬರ್ತೇನಿ."

"ನಿಮಗ ಸುಮ್ನ ನಿಂದ್ರಾಕ ಯಾವಾಗ ಬಂದೈತಿ?"

ಅವಳ ಮಾತೇ ನಿಜವಾಯಿತು. ಎರಡು ಗೋಡೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಸರಳಿನ ಜಾಳಿಗೆ ಹರಡಿತ್ತು. ದಪ್ಪ ಸರಳುಗಳು ಗೋಡೆಯಿಂದ ಗೋಡೆಗೆ. ಅವುಗಳ ಮೇಲೆ ಅಡ್ಡಕ್ಕೆ ತೆಳು ಸರಳುಗಳು. ಖಾದರಸಾಬರು ತೆಳು ಸರಳುಗಳ ನಡುವೆ ಕಾಲಿಟ್ಟು, ದಪ್ಪ ಸರಳುಗಳನ್ನು ಮೆಟ್ಟುತ್ತ ಒಂದು ತುದಿಯಿಂದ ನಡೆದರು. ಮೂವತ್ತೆರಡು ವರ್ಷದ ಕಾಲು. ನೂರೈವತ್ತರ ಅಂತರವೆಂದರೆ ಹಿಮ್ಮಡಿ ಒಂದರ ಮೇಲೆ, ಹೆಬ್ಬೆರಳ ಬುಡ ಇನ್ನೊಂದರ ಮೇಲೆ, ಇಟ್ಟ ಕಡೆ ಇಟ್ಟ ಹಾಗೆ ಕೂರುತ್ತದೆ. ಇವತ್ತು ಕೂರಲಿಲ್ಲ. ಬೆರಳುಗಳು ಮುಂದೆ ಚಾಚಬೇಕಾಯಿತು. ಬೇರೆಯವರ ಚಪ್ಪಲಿ ಮೆಟ್ಟಿದಂತಾಯಿತು.

ಅವರು ತಿರುಗಿ ಬಂದು ಸರಳುಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ಎಣಿಸಿದರು. ಮೊದಲಿನಿಂದ ಕೊನೆಗೆ ಹನ್ನೆರಡು ಮೀಟರ್. ನೂರೈವತ್ತರ ಅಂತರದಲ್ಲಿ ಎಂಬತ್ತೊಂದು ಸರಳು ಇರಬೇಕು. ಎಪ್ಪತ್ತಮೂರು ಇದ್ದವು. ಇನ್ನೊಮ್ಮೆ ಎಣಿಸಿದರು. ಸರಳುಗಳೇನು ನೆಂಟರೇ, ಎಣಿಸುವಷ್ಟರಲ್ಲಿ ಇನ್ನೆಂಟು ಮಂದಿ ಬಂದು ಕೂರಲು!

"ಮುಬಶೀರ, ಗೇಜು ಯಾವುದು ಹಚ್ಚೀರೋ?"

ಮುಬಶೀರ ಹಳದಿ ಬಣ್ಣ ಬಳಿದ ಒಂದು ಉಕ್ಕಿನ ತುಂಡನ್ನು ತಂದುಕೊಟ್ಟ. ಅದರ ಮೇಲೆ ಉಳವಪ್ಪನವರ ಕಂಪನಿಯ ಮುದ್ರೆ. ಇಂಥ ನಲವತ್ತು ತುಂಡುಗಳನ್ನು ಸುದೀಪ ಶಿಗ್ಗಾಂವದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದ. ಕಟ್ಟಿಗೆ ತುಂಡು ಹಳೇ ಪದ್ಧತಿ, ಉಕ್ಕಿನದು ಹೊಸ ಪದ್ಧತಿ ಎಂದು ಮೀಟಿಂಗಿನಲ್ಲಿ ತೋರಿಸಿ ಶಾಭಾಸ್ ಗಿಟ್ಟಿಸಿದ್ದ.

"ಇದು ನೂರೈವತ್ತು ಐತಲ್ಲೋ!"

"ನಾ ಹೇಳಿದೆ ಮಾಮು, ನಮ್ಮ ಮಾಮು ಒಂಚೂರು ಸಣ್ಣದು ಇಡ್ತಾನ ಅಂತ. ಸಾಹೇಬ್ರು ನಕಾಶಿ ಮ್ಯಾಲ ಬೆರಳಿಟ್ಟು, 'ಏನ್ ಬರದೈತಿ ಓದು' ಅಂದ್ರು. ನೂರೈವತ್ತು ಅಂತ ಬರದಿತ್ತು."

ಬರೆದದ್ದನ್ನು ಸುದೀಪ ಓದಿದ್ದ, ಸರಳಿನ ಹೊಟ್ಟೆ ಕಳೆಯುವುದನ್ನು ಮರೆತಿದ್ದ. ಪ್ರತಿ ಸಂದಿಗೆ ಹದಿನಾರು ಮಿಲಿಮೀಟರ್ ಹೆಚ್ಚಾಗಿ, ಹನ್ನೆರಡು ಮೀಟರಿನಲ್ಲಿ ಎಂಟು ಸರಳು ಮಾಯವಾಗಿದ್ದವು.

ಖಾದರಸಾಬರು ಯಾರಿಗೂ ಕೇಳದಂತೆ ಸುದೀಪನನ್ನು ಶೆಡ್ಡಿನ ಹಿಂದಕ್ಕೆ ಕರೆದರು. ಆಗ ಗಂಟೆ ಒಂಬತ್ತು.

"ಸುದೀಪ, ಗೇಜು ತಪ್ಪೈತಪಾ. ನೀನ ಕೊಯ್ದಿದ್ದೆಯಲ್ಲ, ನೂರಾ ಮೂವತ್ನಾಲ್ಕರದು, ಅದು ಚೀಲದಾಗ ಐತಿ. ಎಂಟು ರಾಡ್ ಕಮ್ಮಿ ಬಿದ್ದಾವು. ಇವತ್ತ ತಂತಿ ಬಿಚ್ಚಿ ಸರಿಸಿದ್ರ ನಾಳೆ ಮಧ್ಯಾನ ಅನ್ನೂದ್ರಾಗ ಮುಗಿತೈತಿ. ಸಂಜಿಕ ತಪಾಸಣಿಗೆ ಬರೋ ಮೇಡಮ್ಮಾರಿಗೆ ನೀನ ಮೊದಲ ಹೇಳಿಬಿಡು. ಅವರ ಹುಡುಕಿದ್ರ ಬ್ಯಾರೆ, ನಾವ ಹೇಳಿದ್ರ ಬ್ಯಾರೆ."

ಸುದೀಪನ ಮುಖದಲ್ಲಿ ಒಂದು ಕ್ಷಣ ಹಳೆಯ ಹುಡುಗ ಕಂಡ. ಆಮೇಲೆ ಹೆಲ್ಮೆಟ್ಟು ಕಂಡಿತು.

"ನಾಳೆ ಮುಂಜಾನೆಗೆ ಕಾಂಕ್ರೀಟ್ ಪ್ಲಾಂಟಿಂದ ಲಾರಿ ಹೇಳೇನಿ ಮೇಸ್ತ್ರಿ. ನಾ ನೋಡ್ಕೋತೇನಿ. ನೀವು ಮೇಡಂ ಮುಂದ ಮಾತಾಡಬ್ಯಾಡ್ರಿ. ಮನಿಗ್ಹೋಗಿ ಕಣ್ಣಿಗೆ ಔಷಧ ಹಾಕ್ಕೋರ್ರಿ."

'ನಾ ನೋಡ್ಕೋತೇನಿ' ಎಂದಮೇಲೆ ಮುಗಿಯಿತು. ಹುಡುಗ ಎಂಜಿನಿಯರು, ಅವನಿಗೆ ಹೇಳುವ ರೀತಿ ಗೊತ್ತು. ಖಾದರಸಾಬರು ಹೆದ್ದಾರಿಗೆ ಬಂದು ಬಸ್ಸು ಹತ್ತಿದರು.

ಸಂಜೆ ನಾಲ್ಕಕ್ಕೆ ಮೃಣಾಲಿನಿ ಮೇಡಂ ಬಂದರು. ರಸ್ತೆ ಮಾಡಿಸುವವರ ಪರವಾಗಿ ಕೆಲಸದ ಗುಣಮಟ್ಟ ನೋಡುವವರು ಅವರು. ಸವಣೂರಿನ ವಾದಿರಾಜ ಮಾಸ್ತರರ ಮಗಳು. ತಂದೆ ಉತ್ತರಪತ್ರಿಕೆ ತಿದ್ದಿದ ಹಾಗೆಯೇ ಮಗಳು ಸ್ಲ್ಯಾಬು ತಿದ್ದುತ್ತಾಳೆ ಎಂದು ಗುತ್ತಿಗೆದಾರರ ದೂರು. ಅವರು ಸಹಿ ಮಾಡದೆ ಕಾಂಕ್ರೀಟು ಬೀಳುವಂತಿಲ್ಲ. ಸುದೀಪ ಏನನ್ನೂ ಹೇಳಲಿಲ್ಲ. ಚಹಾ ತರಿಸಿದ, ಸವಣೂರಿನ ಹೆಣ್ಣುಮಗಳಿಗೆ ಸವಣೂರಿನ ಕುರುಕಲು ಖಾರವನ್ನೇ ತರಿಸಿದ. ಮೇಡಂ ಖಾರ ತಿಂದು, ಕೈ ಒರೆಸಿ, ಟೇಪು ಬಿಚ್ಚಿದರು. ಒಂದೊಂದು ಸಂದು ಅಳೆದರೆ ಅಲ್ಲಿ ಒಂದಿಷ್ಟು ಇಲ್ಲಿ ಒಂದಿಷ್ಟು ಹೆಚ್ಚುಕಮ್ಮಿ ಇರುತ್ತದೆ. ಅಷ್ಟಕ್ಕೆ ವಿನಾಯಿತಿಯೂ ಇದೆ. ಅವರು ಹತ್ತು ಸಂದುಗಳನ್ನು ಒಟ್ಟಿಗೆ ಅಳೆದರು. ಒಂದೂವರೆ ಮೀಟರ್ ಬರಬೇಕಾದ ಕಡೆ ಒಂದು ಮೀಟರ್ ಅರವತ್ತಾರು ಸೆಂಟಿಮೀಟರ್. ಮೂರು ಕಡೆ ಅಳೆದರೂ ಅಷ್ಟೇ. ಸರಳು ಎಣಿಸಿದರು. ಕೆಂಪು ಬಣ್ಣದಿಂದ ಗುರುತು ಹಾಕಿ ಫೋಟೋ ತೆಗೆದರು.

"ಲಾರಿ ಬ್ಯಾಡ ಅಂತ ಪ್ಲಾಂಟಿಗೆ ಹೇಳಿಬಿಡ್ರಿ," ಎಂದರು.

ಅದೇ ಸಂಜೆ ಎನ್‌ಸಿಆರ್ ಬಂತು. ಬಿಡಿಸಿ ಹೇಳಿದರೆ ನಾನ್ ಕನ್‌ಫಾರ್ಮೆನ್ಸ್ ರಿಪೋರ್ಟ್. ಇನ್ನೂ ಬಿಡಿಸಿದರೆ 'ಹೇಳಿದ್ದೊಂದು, ಮಾಡಿದ್ದೊಂದು' ಎಂಬ ಕಾಗದ. ಎಲ್ಲಿ, ಯಾವ ನಕಾಶೆ, ಎಷ್ಟಿರಬೇಕಿತ್ತು, ಎಷ್ಟಿದೆ ಎಂಬುದನ್ನು ಮೇಡಂ ಬರೆದರು. ಉತ್ತರವನ್ನು ಗುತ್ತಿಗೆದಾರರ ಕಡೆಯವರು ಬರೆಯಬೇಕು. ಈಗ ಹೇಗೆ ಸರಿಮಾಡುತ್ತೀರಿ? ತಪ್ಪಿನ ಮೂಲ ಎಲ್ಲಿದೆ? ಮತ್ತೆ ಆಗದಂತೆ ಏನು ಮಾಡುತ್ತೀರಿ? ಈ ಮೂರಕ್ಕೂ ಮೇಡಂ ಒಪ್ಪಿದಮೇಲೆಯೇ ಕಾಗದ ಮುಚ್ಚುವುದು.

ಸರಿಮಾಡುವುದು ಕಷ್ಟವಾಗಲಿಲ್ಲ. ಕಾಂಕ್ರೀಟು ಬಿದ್ದಿದ್ದರೆ ವಿನ್ಯಾಸ ಮಾಡಿದವರನ್ನು ಕೇಳಬೇಕು, ಒಡೆಯಬೇಕು, ಊರೆಲ್ಲ ಓಡಾಡಬೇಕು. ಇಲ್ಲಿ ಕಬ್ಬಿಣವಿನ್ನೂ ಗಾಳಿಯಲ್ಲಿತ್ತು. ಗುರುವಾರ ಖಾದರಸಾಬರೇ ಬಂದು ನಿಂತು, ತಂತಿ ಬಿಚ್ಚಿಸಿ, ಎಂಟು ಸರಳು ಸೇರಿಸಿ, ತಮ್ಮ ಕಟ್ಟಿಗೆ ಗೇಜು ಹಚ್ಚಿ ಎಂಬತ್ತೊಂದನ್ನೂ ಕೂರಿಸಿದರು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮುಗಿಯಿತು. ಮೇಡಂಗೆ ಸುದೀಪ ಮೊದಲೇ ಹೇಳಿಲ್ಲವೆಂದು ಅವರಿಗೆ ತಿಳಿದಿತ್ತು. ಹೆದರಿರಬೇಕು ಪಾಪ ಎಂದುಕೊಂಡಿದ್ದರು.

ಅವರು ಕೈ ತೊಳೆಯುತ್ತಿದ್ದಾಗ ಸುದೀಪ ಒಂದು ಹಾಳೆ ಹಿಡಿದು ಬಂದ. ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಅಚ್ಚಾಗಿತ್ತು.

"ಕಾಕಾ, ಇಲ್ಲೊಂದು ಸಹಿ ಹಾಕ್ರಿ. ಗುಂಪಿಗೆ ತಿಳುವಳಿಕಿ ಕೊಟ್ಟೇವಿ ಅಂತ ಹಾಜರಿ."

ಎಷ್ಟೋ ತಿಂಗಳ ಮೇಲೆ 'ಕಾಕಾ'. ಖಾದರಸಾಬರ ಕಪ್ಪು ಕನ್ನಡಕದ ಹಿಂದೆ ಏನೋ ಒದ್ದೆಯಾಯಿತು. ಔಷಧದ ಹನಿಯೇ ಇರಬಹುದು. ಒದ್ದೆ ಕೈ ಒರೆಸಿಕೊಂಡು ಕನ್ನಡದಲ್ಲಿ ಸಹಿ ಹಾಕಿದರು. ಉರ್ದುವಿನಲ್ಲಿ 'ಸಹೀ' ಎಂದರೆ ಸರಿ, ಕನ್ನಡದಲ್ಲಿ 'ಸಹಿ' ಎಂದರೆ ರುಜು. ಎರಡೂ ಭಾಷೆ ಬಲ್ಲ ಮನುಷ್ಯ ಆ ಹೊತ್ತು ಎರಡೂ ಒಂದೇ ಎಂದುಕೊಂಡರು.

"ಇನ್ನ ಮ್ಯಾಲ ನೀವು ಆರಾಮ ತಗೋರ್ರಿ," ಎಂದ ಸುದೀಪ. "ಕಣ್ಣು ಪೂರಾ ಆಗ್ಲಿ. ಮುಬಶೀರ ನೋಡ್ಕೋತಾನ."

ಮನೆಯಲ್ಲಿ ಇದನ್ನು ಹೇಳಿದಾಗ ಶಾಕೀರಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಎಷ್ಟ ದಿನ ಆರಾಮ ಅಂದ?"

"ದಿನ ಹೇಳಿಲ್ಲ."

"ದಿನ ಹೇಳಲಾರದ ಆರಾಮಕ್ಕ ಏನಂತಾರ ಗೊತ್ತೇನ್ರಿ ನಿಮಗ?"

"ಏ, ಅಂಥಾ ಹುಡುಗ ಅಲ್ಲ ಬಿಡು. ವೀರವ್ವಕ್ಕನ ಮನಿಕಿಂತ ನಮ್ಮ ಮನ್ಯಾಗ ಹೆಚ್ಚ ಉಂಡಾನ."

"ಉಂಡಾನ ಅಂತನ ಅಂಜಿಕಿ ನನಗ," ಎಂದು ಅವಳು ರೊಟ್ಟಿಯನ್ನು ಜೋರಾಗಿ ತಟ್ಟಿದಳು.

ಶನಿವಾರ ಹತ್ತು ಗಂಟೆಗೆ ಮೃಣಾಲಿನಿಯವರೇ ಫೋನು ಮಾಡಿದರು. ಎನ್‌ಸಿಆರ್ ಮುಚ್ಚುವ ಮೊದಲು ಮೇಸ್ತ್ರಿಯನ್ನು ಒಂದು ಮಾತು ಕೇಳಬೇಕಾಗಿದೆ, ಸೈಟಿಗೆ ಬರಲಾದೀತೇ ಎಂದರು. ಖಾದರಸಾಬರು ಹೊಸ ಬುಶ್‌ಶರ್ಟು ಹಾಕಿಕೊಂಡರು. ಒಳ್ಳೆಯ ಕೆಲಸ ಮಾಡಿದಿರಿ ಎನ್ನಬಹುದು, ಇನ್ನೇನು?

ಸ್ಲ್ಯಾಬಿನ ಪಕ್ಕ ಮೇಡಂ ನಿಂತಿದ್ದರು. ಜೊತೆಗೆ ಸುದೀಪ, ಮುಬಶೀರ, ಬಿಳಿ ಅಂಗಿಯ ಉಳವಪ್ಪನವರು. ಮುಬಶೀರ ಮಾವನನ್ನು ನೋಡಿ ಚಪ್ಪಲಿಯಲ್ಲಿ ಕಲ್ಲು ಹುಡುಕತೊಡಗಿದ.

"ಖಾದರಸಾಬರ, ಸರಳು ಅಳದೇನಿ. ಎಲ್ಲಾ ಸರಿ ಅದಾವ. ಆದ್ರ ಉತ್ತರದಾಗ ಒಂದು ಕೇಳೂದದ. ಇದು ನಿಮ್ಮ ಸಹಿನೇ ಏನ್ರಿ?" ಎಂದು ಮೇಡಂ ಹಾಳೆ ತೋರಿಸಿದರು.

"ಹೌದ್ರಿ. ಶುಕ್ರವಾರ ಹಾಕೇನ್ರಿ."

"ಏನು ಬರದದ ಗೊತ್ತದನು?"

"ಹಾಜರಿ ಅಂದ್ರು ರೀ."

ಮೇಡಂ ಸುದೀಪನತ್ತ ಒಮ್ಮೆ ನೋಡಿ, ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿದರು. ತಪ್ಪಿನ ಮೂಲ: ಮೇಸ್ತ್ರಿ ಖಾದರಸಾಬ ಕಂಪನಿಯ ಉಕ್ಕಿನ ಗೇಜು ಬಿಟ್ಟು ತನ್ನ ಹಳೆಯ ಕಟ್ಟಿಗೆ ಗೇಜು ಬಳಸಿದ್ದು, ಮೇಸ್ತ್ರಿ ಇದನ್ನು ಒಪ್ಪಿಕೊಂಡಿದ್ದಾನೆ. ಮತ್ತೆ ಆಗದಂತೆ ಕ್ರಮ: ಮೇಸ್ತ್ರಿಯನ್ನು ಕೆಲಸದಿಂದ ತೆಗೆಯಲಾಗಿದೆ, ಎಲ್ಲ ಮೋರಿಗಳಿಗೂ ಉಕ್ಕಿನ ಗೇಜನ್ನೇ ಕಡ್ಡಾಯ ಮಾಡಲಾಗಿದೆ.

ತಪ್ಪು ಮಾಡಿದ ಗೇಜಿಗೆ ಬಡ್ತಿ, ಸರಿಯಿದ್ದ ಗೇಜಿಗೆ ವಜಾ. ಬೇರೆ ದಿನವಾಗಿದ್ದರೆ ಖಾದರಸಾಬರೇ ಇದನ್ನು ಹೇಳಿ ನಗುತ್ತಿದ್ದರು. ಈಗ ಕಿವಿಯಲ್ಲಿ ಒಂದೇ ಶಬ್ದ ಉಳಿದಿತ್ತು: ಕಾಕಾ. ಆ ಕಾಕಾ ಬಂದದ್ದು ಪ್ರೀತಿಯಿಂದಲ್ಲ, ಪೆನ್ನಿಗಾಗಿ.

"ಸಹಿ ನಂದ್ರಿ ಮೇಡಂ," ಎಂದರು. "ಮಾತು ನಂದಲ್ರಿ."

"ಶನಿವಾರದಿಂದ ಮಂಗಳವಾರ ನೀವು ಎಲ್ಲಿದ್ರಿ?"

"ಹಾವೇರಿ ಒಳಗ್ರಿ. ಕಣ್ಣಿಗೆ ಪಟ್ಟಿ ಕಟ್ಟಿದ್ರು."

"ಅವರಿಲ್ಲದಿದ್ರೂ ಅವರ ಗೇಜ್ ಇಲ್ಲೇ ಇತ್ರಿ ಮೇಡಂ," ಎಂದು ಸುದೀಪ ನಡುವೆ ಬಾಯಿ ಹಾಕಿದ. "ಗುಂಪಿನವರು ಅದನ್ನ ಹಚ್ಚ್ಯಾರ."

ಎಲ್ಲರೂ ಮುಬಶೀರನನ್ನು ನೋಡಿದರು. ಸರಳು ಕಟ್ಟಿದ್ದು ಅವನ ಕೈ. ಹಳದಿ ಗೇಜನ್ನು ಮಾವನಿಗೆ ತೋರಿಸಿದ್ದೂ ಅದೇ ಕೈ.

"ಗೊತ್ತಿಲ್ರಿ," ಎಂದ ಮುಬಶೀರ. "ಯಾವುದೋ ಹಚ್ಚೇವ್ರಿ."

ಸುದೀಪನ ಮಾತಿಗೆ ಖಾದರಸಾಬರ ಮೈ ಬಿಸಿಯಾಗಿತ್ತು. ಅಕ್ಕನ ಮಗನ ಮಾತಿಗೆ ತಣ್ಣಗಾಯಿತು.

ಮೃಣಾಲಿನಿ ವಾದ ಬೆಳೆಸಲಿಲ್ಲ. "ಎರಡೂ ಗೇಜು ತರ್ರಿ," ಎಂದರು. "ಕೇಳೂದಕಿಂತ ಅಳಿಯೂದು ಛೊಲೊ."

ಹಳದಿ ತುಂಡು ಬಂತು. ರೆಕ್ಸಿನ್ ಚೀಲವೂ ಬಂತು. ಖಾದರಸಾಬರು ಒಳಗೆ ಕೈ ಹಾಕಿ, ನೋಡದೆಯೇ, ನೂರಾ ಮೂವತ್ನಾಲ್ಕನ್ನು ತೆಗೆದರು. ಸವೆದ ಮೂಲೆ ಬೆರಳಿಗೆ ಸಿಕ್ಕಿತು. ಬೆನ್ನ ಮೇಲಿನ ಬರಹ ಹೆಬ್ಬೆರಳ ಕೆಳಗೆ ಬಂತು. ಅವರು ಹೆಬ್ಬೆರಳನ್ನು ಅಲ್ಲೇ ಒತ್ತಿ ಇಟ್ಟುಕೊಂಡರು. ಯಾಕೆ ಎಂದು ಅವರನ್ನು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹುಡುಗನ ಅಕ್ಷರ, ಅಷ್ಟು ಮಂದಿಯ ಮುಂದೆ ಬೇಡ ಎನ್ನಿಸಿತು, ಅಷ್ಟೇ.

ಮೇಡಂ ಎರಡು ಹದಿನಾರರ ತುಂಡು ಸರಳುಗಳನ್ನು ಹಲಗೆಯ ಮೇಲೆ ಇಟ್ಟು, ನಡುವೆ ಹಳದಿ ಗೇಜು ಕೂರಿಸಿ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಟೇಪು ಹಿಡಿದರು.

"ನೂರಾ ಅರವತ್ತಾರು."

ಸ್ಲ್ಯಾಬಿನಲ್ಲಿ ಸಿಕ್ಕ ಅಂಕೆಯೇ. ಆಮೇಲೆ ಕಟ್ಟಿಗೆಯದನ್ನು ಖಾದರಸಾಬರೇ ಹಿಡಿದುಕೊಂಡು ನಡುವೆ ಇಟ್ಟರು, ಹೆಬ್ಬೆರಳು ಎತ್ತದೆ.

"ನೂರೈವತ್ತು. ಚೊಕ್ಕ," ಎಂದರು ಮೇಡಂ.

ಉಳವಪ್ಪನವರು ಗಂಟಲು ಸರಿಮಾಡಿಕೊಂಡರು. "ಸುದೀಪಪ್ಪ, ಇದೇನೋ ಇದು?"

ಇಲ್ಲಿ ಸುದೀಪ ಸುಮ್ಮನಿದ್ದರೂ ಸಾಕಿತ್ತು. 'ಮರೆತೆ' ಎಂದಿದ್ದರೆ ಇನ್ನೂ ಚೆನ್ನಾಗಿತ್ತು. ಅವನು ಹೇಳಿದ್ದು ಬೇರೆ.

"ಗೇಜಿನ ಲೆಕ್ಕ ಮೇಸ್ತ್ರಿ ಹೇಳಬೇಕಿತ್ರಿ ನಮಗ. ಇಂಥಾವು ನಮಗ ಯಾರೂ ಕಲಿಸಿಲ್ಲ. ಮೇಸ್ತ್ರಿಗೆ ವಯಸ್ಸಾತ್ರಿ ಮೇಡಂ, ಕಣ್ಣೂ ಹೋಗ್ಯಾವು, ಹೇಳೂದು ಮರ್ತಾರ."

ಯಾರೂ ಕಲಿಸಿಲ್ಲ.

ಖಾದರಸಾಬರು ಹೆಬ್ಬೆರಳು ಎತ್ತಿದರು.

ತುಂಡನ್ನು ಹಲಗೆಯ ಮೇಲೆ ಬೆನ್ನು ಮೇಲಾಗಿ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಮೇಡಂ ಬಗ್ಗಿ ಓದಿದರು. '೧೫೦ – ೧೬ = ೧೩೪. ಸುದೀಪ.' ಮೊದಲು ಮನಸ್ಸಿನಲ್ಲಿ ಓದಿದರು, ಆಮೇಲೆ ಉಳವಪ್ಪನವರಿಗೆ ಕೇಳುವಂತೆ. ಮಾಸ್ತರರ ಮಗಳಿಗೆ ಲೆಕ್ಕ ಸರಿಯಿದೆಯೋ ಇಲ್ಲವೋ ಎಂದು ಹೇಳುವ ಅಗತ್ಯ ಬೀಳಲಿಲ್ಲ. ಬರೆದವನಿಗೆ ಅಂಕ ಪೂರ್ತಿ ಕೊಡಬೇಕು. ಮರೆತವನಿಗೆ ಎಷ್ಟು ಕೊಡುವುದು?

"ಸ್ಲ್ಯಾಬಿನ ಸರಳು ಈಗ ಸರಿ ಅದಾವ, ಕಾಂಕ್ರೀಟಿಗೆ ಸಹಿ ಮಾಡ್ತೇನಿ," ಎಂದರು ಮೇಡಂ. "ಆದ್ರ ಎನ್‌ಸಿಆರ್ ಮುಚ್ಚೂದಿಲ್ಲ. ತಪ್ಪಿನ ಮೂಲ ಹೊಸದಾಗಿ ಬರೀರಿ. ಈ ಹಳದಿ ಗೇಜು ನಲವತ್ತೂ ಇವತ್ತ ಎಣಿಸಿ ನನ್ನ ಎದುರು ಬೀಗದಾಗ ಇಡ್ರಿ. ಎರಡನೇ ಮೋರಿ ಒಳಗ ಯಾವ ಗೇಜು ಹಚ್ಚೀರಿ?"

ಮುಬಶೀರ ಈಗ ಬಾಯಿ ಬಿಟ್ಟ. "ಹಳದೀದರಿ. ನಿನ್ನೆ ಸುರು ಮಾಡೇವ್ರಿ."

ಎರಡನೆಯ ಮೋರಿಯ ಜಾಳಿಗೆಯನ್ನೂ ಅಂದೇ ಬಿಚ್ಚಬೇಕಾಯಿತು.

ಮೇಡಂ ಅತ್ತ ಹೋದಮೇಲೆ ಉಳವಪ್ಪನವರು ಖಾದರಸಾಬರ ಹೆಗಲ ಮೇಲೆ ಕೈ ಇಟ್ಟರು. "ಮೇಸ್ತ್ರಿ, ನೀವು ನಮ್ಮ ಮಂದಿ. ಇಂಥಾವು ಒಳಗಿಂದೊಳಗ ಹೇಳಬೇಕಿತ್ತಲ್ಲ."

"ಒಳಗ ಹೇಳೇನ್ರಿ ಸಾವ್ಕಾರ್ರ. ಬುಧವಾರ, ಶೆಡ್ಡಿನ ಹಿಂದ. ಒಳಗ ಇನ್ನೂ ಒಳಗ ಅಂದ್ರ ಮೋರ್‍ಯಾಗ ಇಳೀಬೇಕು."

ಸುದೀಪ ಬೈಕಿನ ಬಳಿ ಅವರನ್ನು ತಡೆದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಎಲ್ಲಾರ ಮುಂದ ನನ್ನ ಮರ್ಯಾದಿ ತಗದ್ರಿ. ಇಷ್ಟ ದಿನ ಆ ತುಂಡು ಅದಕ್ಕ ಇಟ್ಕೊಂಡಿದ್ರೇನು?"

ಖಾದರಸಾಬರು ಅವನನ್ನು ನೋಡಿದರು. ಹೊಸ ಕಣ್ಣಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಡಾಕ್ಟರು ಹೇಳಿದ್ದಕ್ಕಿಂತ ಸ್ಪಷ್ಟವಾಗಿ. ಮೋಸ ಹೋದವರು ತಾವು. ಮೋಸ ಹೋದವನ ಮುಖ ಮಾತ್ರ ಅವನದು.

"ಇಲ್ರಿ ಸಾಹೇಬ್ರ," ಎಂದರು. "ಉದ್ದ ಚೊಕ್ಕ ಇತ್ತು ಅಂತ ಇಟ್ಕೊಂಡಿದ್ದೆ."

ಸಾಹೇಬ್ರ ಎಂದು ಅವರು ಅವನನ್ನು ಕರೆದದ್ದು ಅದೇ ಮೊದಲು. ಸುದೀಪನಿಗೆ ಅದು ತಾಗಿತು. ಬೈಕಿಗೆ ಎರಡು ಸಲ ಒದ್ದರೂ ಅದು ಚಾಲೂ ಆಗಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಖಾದರಸಾಬರು ಬಂಕಾಪುರದ ತನಕ ಚೀಲದ ಬಾಯಿ ಹಿಡಿದುಕೊಂಡೇ ಇದ್ದರು. ಮನೆಯಲ್ಲಿ ಶಾಕೀರಾ ಏನಾಯಿತೆಂದು ಕೇಳಿದಳು. ಹೇಳಿದರು. 'ನಾ ಹೇಳಿದ್ದೆ' ಎನ್ನಲು ಅವಳಿಗೆ ಪೂರ್ತಿ ಹಕ್ಕಿತ್ತು, ಅವಳು ಅನ್ನಲಿಲ್ಲ. ಕಣ್ಣಿಗೆ ಔಷಧ ಹಾಕಿದಳು.

"ಮುಬಶೀರ ಹಂಗ್ಯಾಕ ಮಾಡಿದ?" ಎಂದು ಮಾತ್ರ ಕೇಳಿದಳು.

"ಮೇಸ್ತ್ರಿ ಆಗಾಕ."

"ನೀವ ಮಾಡ್ತಿದ್ರಲ್ಲ ಅವನ್ನ, ಮುಂದಿನ ವರ್ಷ."

"ಅವನಿಗೆ ನಾ ಹೇಳಿರಲಿಲ್ಲ," ಎಂದು ಖಾದರಸಾಬರು ಕಣ್ಣು ಮುಚ್ಚಿದರು.

ಸೋಮವಾರ ಕರೆ ಬಂತು. ಹೊಸ ಉತ್ತರ ತಯಾರಾಗಿತ್ತು. ಸಹಿ ಹಾಕಬೇಕಾದವರಿಗೆ ಓದಲು ಬರುವ ಭಾಷೆಯಲ್ಲೂ ಇರಬೇಕೆಂದು ಮೇಡಂ ಪಟ್ಟು ಹಿಡಿದಿದ್ದರಿಂದ ಜೊತೆಗೆ ಕನ್ನಡದ ಪ್ರತಿ. ಸೈಟಿನ ಆಫೀಸಿನಲ್ಲಿ ಸುದೀಪ ಅದನ್ನು ಮೇಜಿನ ಮೇಲೆ ಇಟ್ಟು ಗೋಡೆಯ ಕಡೆ ಮುಖ ಮಾಡಿದ. ಮೇಡಂ ಎದುರಿನ ಕುರ್ಚಿಯಲ್ಲಿದ್ದರು.

ಖಾದರಸಾಬರು ಕಪ್ಪು ಕನ್ನಡಕ ತೆಗೆದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಗೇಜು ಮಾಡಿಸುವಾಗ ಸರಳಿನ ದಪ್ಪ ಕಳೆಯದಿದ್ದುದೇ ತಪ್ಪಿನ ಮೂಲ. ಗೇಜು ಬಳಕೆಗೆ ಬರುವ ಮೊದಲು ಎರಡು ಸರಳುಗಳ ನಡುವೆ ಇಟ್ಟು ಅಳೆದು, ಯಾವ ದಪ್ಪಕ್ಕೆ, ಯಾವ ಅಂತರಕ್ಕೆ ಎಂದು ಅದರ ಮೇಲೆಯೇ ಬರೆಯಬೇಕು. ಮೇಸ್ತ್ರಿಯನ್ನು ತೆಗೆಯುವ ಮಾತು ಇರಲಿಲ್ಲ. ಎಲ್ಲ ಸರಿಯಾಗಿತ್ತು. ಅವರು ಮತ್ತೆ ಮೊದಲಿನಿಂದ ಓದಿದರು. ಮೂರನೆಯ ಸಲವೂ ಓದಿದರು.

"ಏನಾರ ತಪ್ಪದನ್ರಿ?" ಎಂದರು ಮೇಡಂ.

"ತಪ್ಪಿಲ್ರಿ. ಒಂದು ಕಮ್ಮಿ ಐತ್ರಿ."

ಅವರು ಪೆನ್ನು ಕೇಳಿ ಪಡೆದರು. ಸಹಿಯ ಜಾಗದ ಮೇಲೆ, ಇದ್ದ ಸಂದಿನಲ್ಲಿ, ಸರಳು ಕೂರಿಸುವ ಹಾಗೆ ಒಂದೊಂದೇ ಅಕ್ಷರವನ್ನು ಕೂರಿಸಿದರು: 'ತಪ್ಪು ಐತಿ ಅಂತ ಬುಧವಾರ ಮುಂಜಾನೆ ಒಂಬತ್ತಕ್ಕೆ ಸುದೀಪ ಸಾಹೇಬರಿಗೆ ಹೇಳಿದ್ದೆ.' ಅದರ ಕೆಳಗೆ ತಮ್ಮ ಪೂರ್ತಿ ಹೆಸರು. ಮೂವತ್ತೆರಡು ವರ್ಷದಲ್ಲಿ ಅವರ ಕೆಲಸದ ಮೇಲೆ ಕಾಣುವಂತೆ ಬಿದ್ದ ಮೊದಲ ಹೆಸರು ಅದು.

ಮೇಡಂ ಆ ಸಾಲನ್ನು ಓದಿ, ಹಾಳೆಯನ್ನು ಸುದೀಪನ ಕಡೆಗೆ ತಿರುಗಿಸಿ, ಪೆನ್ನನ್ನು ಅದರ ಮೇಲೆ ಇಟ್ಟರು.

"ಇದು ಖರೇ ಇದ್ರ, ಬಾಜೂಕ ಸಹಿ ಹಾಕ್ರಿ. ಸುಳ್ಳಿದ್ರ, ಸುಳ್ಳು ಅಂತ ಬರೀರಿ."

ಸುದೀಪ ಪೆನ್ನು ತೆಗೆದುಕೊಂಡು ಸಹಿ ಹಾಕಿದ. ಇಂಗ್ಲಿಷಿನಲ್ಲಿ, ಅವಸರವಾಗಿ, ಗೇಜಿನ ಮೇಲಿನ ಅಕ್ಷರದ ಗುರುತೇ ಸಿಗದಂತೆ.

ಖಾದರಸಾಬರು ಕನ್ನಡಕ ಹಾಕಿಕೊಂಡು ಹೊರಗೆ ಬಂದರು. ಮುಬಶೀರ ಶೆಡ್ಡಿನ ಮುಂದೆ ಜಾಲಿ ಕಟ್ಟಿಗೆಯ ಹೊಸ ಪಟ್ಟಿ ಹಿಡಿದು, ಗರಗಸ ಎಲ್ಲಿಡುವುದೆಂದು ತಿಳಿಯದೆ ಕೂತಿದ್ದ.

"ಮಾಮು, ಎಷ್ಟಕ್ಕ ಕೊಯ್ಯಲಿ?"

ಅವರು ನಿಂತರು. ಹೇಳದೆ ಹೋಗಬಹುದಿತ್ತು. ಎರಡನೆಯ ಮೋರಿಯ ಬಿಚ್ಚಿದ ಸರಳುಗಳು ಬಿಸಿಲಲ್ಲಿ ಬಿದ್ದಿದ್ದವು.

"ನೂರಾ ಮೂವತ್ನಾಲ್ಕು," ಎಂದರು. "ಮ್ಯಾಲ ಅಳತಿ ಅಷ್ಟ ಬರಿ. ಹೆಸರು ಬ್ಯಾಡ."